ಯುಪಿಎಸ್ ಕೂಗಿದರೆ ಬ್ಯಾಟರಿಯನ್ನೇ ಯಾಕೆ ಬೈತೀರಿ?

ಕಳೆದ ಬೇಸಿಗೆಯಲ್ಲಿ ಅಮ್ಮ ಫೋನ್ ಮಾಡಿದ್ದಳು. "ಕರೆಂಟ್ ಹೋದಾಗ ಒಂದೊಂದ್ಸಲ ಯುಪಿಎಸ್ ಬಿಡದೇ ಕೂಗುತ್ತೆ ಕಣೋ. ಅಂಗಡಿಯವನು ಬ್ಯಾಟರಿ ಹೋಗಿದೆ, ಹದಿನೈದು ಸಾವಿರ ಆಗುತ್ತೆ ಅಂತಾನೆ." ಆ ಬ್ಯಾಟರಿ ತಂದು ಎರಡೇ ವರ್ಷ ಆಗಿತ್ತು. ಹಾಗಾಗಿ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಮಲ್ಟಿಮೀಟರ್ ಇಟ್ಟುಕೊಂಡೆ. ಎಂಜಿನಿಯರಿಂಗ್ ಓದಿದ್ದು ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಲಿ ಅಂತ.

ನಮ್ಮ ಮನೆಯದು 900 ವಿಎ ಯುಪಿಎಸ್. ಈ ಸಂಖ್ಯೆ ನೋಡಿ 900 ವ್ಯಾಟ್ ಎಳೆಯಬಹುದು ಅಂದುಕೊಂಡರೆ ತಪ್ಪು. ಹಿಂದಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 720 ವ್ಯಾಟ್ ಅಂತಿದೆ. ಅದೇ ನಿಜವಾದ ಮಿತಿ. ಬ್ಯಾಟರಿ ಮೇಲಿರುವ 150 ಎಎಚ್ ಹೇಳುವುದು ಬೇರೆಯದನ್ನೇ: ಎಷ್ಟು ಹೊತ್ತು ಓಡುತ್ತೆ ಅನ್ನುವುದನ್ನು. ಟ್ಯಾಂಕ್ ದೊಡ್ಡದು ಮಾಡಿದರೆ ನೀರು ಹೆಚ್ಚು ಹೊತ್ತು ಬರುತ್ತೆ, ಆದರೆ ಪೈಪ್ ಅಗಲ ಆಗಲ್ಲ. ಬ್ಯಾಟರಿ ಕಥೆಯೂ ಅಷ್ಟೇ.

ಕೂಗುವಾಗ ಏನೇನು ಆನ್ ಇತ್ತು ಅಂತ ಲೆಕ್ಕ ಹಾಕಿದೆ. ನಾಲ್ಕು ಹಳೇ ಫ್ಯಾನ್ 300 ವ್ಯಾಟ್, ಆರು ಎಲ್ಇಡಿ ಬಲ್ಬ್ 60, ಟಿವಿ, ವೈಫೈ ಸೇರಿ 70. ಒಟ್ಟು 430. ಹಾಗಾದ್ರೆ ಕೂಗಬಾರದಲ್ಲ? ಆಗ ಕಂಡಿದ್ದು ಊಟದ ಮೇಜಿನ ಪಕ್ಕ ಇದ್ದ ಚಿಕ್ಕ ರೈಸ್ ಕುಕ್ಕರ್, 400 ವ್ಯಾಟಿನದು. ಆ ಪ್ಲಗ್ ಯುಪಿಎಸ್ ಲೈನಿನಲ್ಲಿತ್ತು. ಒಟ್ಟು 830 ಆಯ್ತು. ಅನ್ನ ಬೆಂದ ಮೇಲೆ ಕುಕ್ಕರ್ 'ವಾರ್ಮ್'ಗೆ ಹೋಗಿ ತುಂಬ ಕಡಿಮೆ ಎಳೆಯುತ್ತೆ, ಕೂಗೂ ನಿಲ್ಲುತ್ತೆ. ದಿನಾ ಕೂಗದಿದ್ದಕ್ಕೆ ಕಾರಣ ಇದೇ.

ಆದರೂ ಬ್ಯಾಟರಿ ಪರೀಕ್ಷೆ ಮಾಡದೆ ಹಾಗೆ ತೀರ್ಮಾನಿಸೋಕಾಗಲ್ಲ. ಚಾರ್ಜ್ ತುಂಬಿದ ಮೇಲೆ ಮೇನ್ ಆಫ್ ಮಾಡಿ, ಕುಕ್ಕರ್ ಬಿಟ್ಟು ಉಳಿದ ಲೋಡ್ ಹಾಕಿ, ಬ್ಯಾಟರಿಯ ಎರಡೂ ಟರ್ಮಿನಲ್ ಮಧ್ಯೆ ವೋಲ್ಟೇಜ್ ನೋಡಿದೆ. (ಸ್ಪ್ಯಾನರ್, ಉಂಗುರ ತಾಗಿಸಬೇಡಿ. 12 ವೋಲ್ಟ್ ಶಾಕ್ ಹೊಡೆಯಲ್ಲ, ಆದರೆ ಶಾರ್ಟ್ ಆದರೆ ಕೈ ಸುಡುತ್ತೆ.) 12.6 ಇದ್ದದ್ದು 12.1ಕ್ಕೆ ಇಳಿದು ಅಲ್ಲೇ ನಿಂತಿತು. ಬ್ಯಾಟರಿ ಚೆನ್ನಾಗಿಯೇ ಇತ್ತು. ಅದು ಸತ್ತಿದ್ದರೆ ಲೋಡ್ ಹಾಕಿದ ಕೆಲವೇ ನಿಮಿಷದಲ್ಲಿ 10.5ರ ಹತ್ತಿರ ಕುಸಿಯುತ್ತಿತ್ತು.

ಇಲ್ಲೊಂದು ಗೊಂದಲ ಇದೆ. ಬ್ಯಾಟರಿ ಹಳೆಯದಾದಂತೆ ಒಳಗಿನ ತಡೆ ಹೆಚ್ಚಿ, ವೋಲ್ಟೇಜ್ ಇಳಿಯುತ್ತೆ. ಅಷ್ಟೇ ವ್ಯಾಟ್ ಕೊಡೋಕೆ ಯುಪಿಎಸ್ ಬ್ಯಾಟರಿಯಿಂದ ಹೆಚ್ಚು ಆಂಪಿಯರ್ ಎಳೆಯಬೇಕಾಗುತ್ತೆ. ಆ ಆಂಪಿಯರ್ ನೋಡಿ ಎಚ್ಚರಿಸುವ ಯುಪಿಎಸ್‌ಗಳು, ಮೊದಲು ಆರಾಮಾಗಿ ಹೊರುತ್ತಿದ್ದ ಲೋಡಿಗೇ ಓವರ್‌ಲೋಡ್ ಅಂತ ಕೂಗಬಹುದು. ಅದಕ್ಕೇ ಮೊದಲು ಒಂದೊಂದೇ ಸ್ವಿಚ್ ಆಫ್ ಮಾಡಿ. ಚೀಟಿಯ ಮಿತಿಗಿಂತ ಲೋಡ್ ತುಂಬ ಕಮ್ಮಿಯಾದರೂ ಕೂಗು ನಿಲ್ಲದಿದ್ದರೆ, ವೋಲ್ಟೇಜೂ ಕುಸಿಯುತ್ತಿದ್ದರೆ, ಆಗ ಅಂಗಡಿಯವನ ಮಾತು ಕೇಳಿ. ವೋಲ್ಟೇಜ್ ಸರಿಯಿದ್ದೂ ಕೂಗಿದರೆ ಯುಪಿಎಸ್ಸನ್ನೇ ರಿಪೇರಿಗೆ ಕೊಡಬೇಕು.

ಕುಕ್ಕರನ್ನು ಅಡುಗೆಮನೆಯ ನೇರ ಲೈನಿಗೆ ಹಾಕಿಟ್ಟು ಬಂದೆ. ಕರೆಂಟ್ ಹೋದಾಗ ಅನ್ನ ಅರ್ಧಕ್ಕೇ ನಿಲ್ಲುತ್ತೆ ಅಂತ ಅಮ್ಮನಿಗೆ ಈಗಲೂ ಸಿಟ್ಟು.