ಇಳಕಲ್ ಸೀರೆಯ ಗುರುತು ದಡಿಯಲ್ಲಲ್ಲ, ಕೊಂಡಿಯಲ್ಲಿದೆ

1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳನ್ನು ಕತ್ತರಿಸಿ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿದರು. ಬ್ರಿಟನ್ನಿನ ಗಿರಣಿಗಳು ಅವನ್ನು ನೋಡಿ ಭಾರತದಲ್ಲಿ ಮಾರಾಟವಾಗುವಂಥ ಬಟ್ಟೆ ನೇಯಲಿ ಎಂಬುದು ಉದ್ದೇಶ. ಅಂಚು, ಬಣ್ಣ, ಚೌಕಳಿ ಯಾವುದನ್ನೇ ಆಗಲಿ ಒಂದು ತುಣುಕು ನೋಡಿ ನಕಲು ಮಾಡಬಹುದೆಂಬುದು ಅಂದೇ ಗೊತ್ತಿತ್ತು. ಹಾಗಿದ್ದರೂ ಸೀರೆಯ ಊರನ್ನು ನಾವು ಇಂದಿಗೂ ದಡಿ ನೋಡಿಯೇ ಹೇಳುತ್ತೇವೆ. ಇಳಕಲ್ ಸೀರೆಗೆ ಈ ಪದ್ಧತಿ ಸಾಲದು. ಗೋಮಿ, ಗಾಡಿ, ಚಿಕ್ಕಿ, ಪರಾಸಪೇಟ ದಡಿಗಳನ್ನು ಇಂದು ಪವರ್‌ಲೂಮ್ ಸಲೀಸಾಗಿ ನೇಯುತ್ತದೆ. ಊರಿನ ಗಟ್ಟಿ ಸಾಕ್ಷಿ ಇರುವುದು ಒಡಲೂ ಸೆರಗೂ ಸೇರುವ ಗೆರೆಯಲ್ಲಿ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಒಡಲಿಗೆ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಬೇರೊಂದು ಹಾಸು. ನೇಕಾರರು ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕಾದ್ದರಿಂದ ಹತ್ತಾರು ಸೀರೆಗಳ ಹಾಸನ್ನು ಒಟ್ಟಿಗೆ ಹೂಡಿ ಬಿಡುವಿಲ್ಲದೆ ನೇಯಲಾಗದು. ಬಿಳಿ ವಿನ್ಯಾಸಗಳಿರುವ ಟೋಪ್ ತೆನಿ ಸೆರಗಿನ ಕೆಂಪು ಅಷ್ಟು ಅಚ್ಚವಾಗಿ ಕಾಣುವುದಕ್ಕೂ ಇದೇ ಕಾರಣ: ಅಲ್ಲಿ ಹಾಸೂ ಕೆಂಪೇ. ಒಂದೇ ಹಾಸಿನ ಸೀರೆಯಲ್ಲಿ ಕೆಂಪು ಹೊಕ್ಕಿನ ನಡುವೆ ಒಡಲಿನ ಬಣ್ಣ ಇಣುಕಿ ಸೆರಗು ಮಸುಕಾಗುತ್ತದೆ. ದಪ್ಪ ಹೊಕ್ಕು ಹಾಕಿ ಅದನ್ನು ಮುಚ್ಚಿದರೆ ಸೆರಗಿನ ತುದಿಯ ಬಿಡಿ ಎಳೆಗಳನ್ನು ನೋಡಿ. ಕಡುನೀಲಿ ಸೀರೆಯ ಕುಚ್ಚು ಕೆಂಪಾಗಿದ್ದರೆ ಹಾಸು ಬೇರೆ, ನೀಲಿಯಾಗಿದ್ದರೆ ಒಂದೇ. ಒಡಲೇ ಕೆಂಪಾಗಿದ್ದರೆ ಈ ಪರೀಕ್ಷೆ ನಡೆಯದು. ಆಗ ಸೀರೆಯನ್ನು ತಿರುವಿ, ಸೆರಗು ಶುರುವಾಗುವಲ್ಲಿ ಅಡ್ಡಕ್ಕೆ ಸಾಗುವ ಸಣ್ಣ ಕೊಂಡಿಗಳ ಸಾಲನ್ನು ಹುಡುಕಬೇಕು.

ಕಾಂಚೀಪುರದ ರೇಷ್ಮೆ ಸೀರೆಯಲ್ಲೂ ಸೆರಗಿನ ಹಾಸನ್ನು ಬೇರೆಯಾಗಿ ಜೋಡಿಸುವ ಪದ್ಧತಿ ಉಂಟಲ್ಲ ಎಂದು ಯಾರಾದರೂ ಕೇಳಬಹುದು. ಮಾತು ಸರಿ. ಜೋಡಣೆಯೊಂದೇ ಊರನ್ನು ಹೇಳದು; ಅದರ ಜೊತೆಗೆ ಟೋಪ್ ತೆನಿ ಸೆರಗೂ ಇಳಕಲ್ ದಡಿಯೂ ಕೂಡಿ ಬಂದಾಗ ಮಾತ್ರ ಉತ್ತರ ಸಿಗುತ್ತದೆ. ಇನ್ನೊಂದು ಆಕ್ಷೇಪ, ಈ ಸೀರೆಯನ್ನು ಮಹಾರಾಷ್ಟ್ರದಲ್ಲೂ ‘ಇರಕಲ್’ ಎಂದು ಉಡುತ್ತಾರೆ, ಹಾಗಾದರೆ ಇದು ಯಾರದು ಎಂಬುದು. ಉಡುವ ನಾಡು ಬೇರೆ, ನೇಯ್ದ ಊರು ಬೇರೆ. ಬಟ್ಟೆ ಹೇಳುವುದು ಎರಡನೆಯದನ್ನು. ಭೌಗೋಳಿಕ ಸೂಚಿಕೆಯ ಮಾನ್ಯತೆ ಹೆಸರಿಗೆ ರಕ್ಷಣೆ ಕೊಟ್ಟಿದೆ, ಆದರೆ ಲಂಡನ್ನಿನ ಸೌತ್‌ಹಾಲ್ ಅಥವಾ ವೆಂಬ್ಲಿಯ ಅಂಗಡಿಯಲ್ಲಿ ಮಡಚಿಟ್ಟ ಸೀರೆಯನ್ನು ಅದು ಬಿಚ್ಚಿ ತೋರಿಸುವುದಿಲ್ಲ. ಆ ಕೆಲಸ ಕೊಳ್ಳುವವರದು. ರಾಜ್ಯೋತ್ಸವದ ಪ್ರದರ್ಶನಕ್ಕೆ ಸೀರೆ ಇಡುವವರೂ ದಡಿಯನ್ನಷ್ಟೇ ಮುಂದೆ ಮಾಡದೆ, ಸೆರಗಿನ ಜೋಡಣೆಯ ಹಿಂಬದಿ ಕಾಣುವಂತೆ ಹರವಿಡಲಿ.