ಸಹಪಾಠಿಯ ಆತ್ಮಹತ್ಯೆಯ ನಂತರ: ಶಾಲೆ, ಮದ್ರಸ ಮತ್ತು ಮನೆ ಏನು ಮಾಡಬೇಕು?

ಪೆರಾಬೆಯಂಥ ಊರಿನಲ್ಲಿ ಸಾವಿನ ಸುದ್ದಿ ಶಾಲೆಯ ಗಂಟೆಗಾಗಿ ಕಾಯುವುದಿಲ್ಲ. ರಾತ್ರಿಯೇ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಫೋಟೊ ಬಂದಿರುತ್ತದೆ. ಬೆಳಗ್ಗೆ ಮದ್ರಸದಲ್ಲಿ ಮಕ್ಕಳು ಪಿಸುಗುಟ್ಟುತ್ತಿರುತ್ತಾರೆ. ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಒಂದೇ ಸಾವಿಗೆ ನಾಲ್ಕೈದು ಕತೆಗಳು ಹುಟ್ಟಿರುತ್ತವೆ. ತೀರಿಹೋದ ಮಗುವಿಗಾಗಿ ನಾವೀಗ ಮಾಡಬಹುದಾದದ್ದು ದುಆ ಮಾತ್ರ. ಆದರೆ ಅದೇ ತರಗತಿಯಲ್ಲಿ ಕುಳಿತಿರುವ ಉಳಿದ ಮಕ್ಕಳಿಗಾಗಿ ಮುಂದಿನ ಎರಡು ವಾರಗಳಲ್ಲಿ ಮಾಡಬೇಕಾದದ್ದು ಬಹಳಷ್ಟಿದೆ.

ಹದಿಹರೆಯದವರಲ್ಲಿ ಒಂದು ಆತ್ಮಹತ್ಯೆ ಇನ್ನೊಂದಕ್ಕೆ ದಾರಿಯಾಗುವ ಅಪಾಯವಿದೆ. ಸುದ್ದಿಯನ್ನು ಹೇಳುವ ರೀತಿಯೇ ಈ ಅಪಾಯವನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1987ರಲ್ಲಿ ಪತ್ರಿಕೆಗಳು ಇಂಥ ಸಾವುಗಳ ರೋಚಕ ವರದಿಯನ್ನು ಕೈಬಿಟ್ಟಾಗ ಅಂಥ ಸಾವುಗಳ ಸಂಖ್ಯೆಯೂ ಗಣನೀಯವಾಗಿ ಇಳಿಯಿತು. ತರಗತಿಯಲ್ಲಿ, ಮದ್ರಸದಲ್ಲಿ, ಮನೆಯ ಜಗಲಿಯಲ್ಲಿ ನಾವು ಆಡುವ ಮಾತಿಗೂ ಇದೇ ನಿಯಮ ಅನ್ವಯಿಸುತ್ತದೆ.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳಿಯ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಯಲ್ಲಿ ನಲವತ್ತು ಮಕ್ಕಳು, ಎಲ್ಲ ಸಮುದಾಯದವರೂ ಇದ್ದಾರೆ. ಅವರಲ್ಲೊಬ್ಬ ಹುಡುಗ ಭಾನುವಾರ ರಾತ್ರಿ ಆತ್ಮಹತ್ಯೆ ಮಾಡಿಕೊಂಡಿದ್ದಾನೆ.

ಗಂಟೆ ಬಾರಿಸುವ ಮೊದಲು

ಮೊದಲ ಕೆಲಸ ಮನೆಯವರನ್ನು ಕಾಣುವುದು. ಮುಖ್ಯೋಪಾಧ್ಯಾಯರು ಅಥವಾ ತರಗತಿ ಶಿಕ್ಷಕರು ಮನೆಗೆ ಹೋಗಿ ಸಂತಾಪ ಹೇಳಿ, ‘ಮಕ್ಕಳಿಗೆ ಏನು ತಿಳಿಸಬಹುದು?’ ಎಂದು ಕೇಳಬೇಕು. ‘ಆತ್ಮಹತ್ಯೆ’ ಎಂಬ ಪದ ಬೇಡವೆಂದು ಮನೆಯವರು ಹೇಳಿದರೆ ಅದನ್ನು ಗೌರವಿಸಬೇಕು. ಹಾಗೆಂದು ‘ಹೃದಯಾಘಾತ’ ಎಂದು ಸುಳ್ಳು ಹೇಳಬಾರದು. ಸತ್ಯ ಗೊತ್ತಿರುವ ಮಕ್ಕಳು ಆಮೇಲೆ ಶಿಕ್ಷಕರ ಯಾವ ಮಾತನ್ನೂ ನಂಬುವುದಿಲ್ಲ. ‘ಕಾರಣದ ಬಗ್ಗೆ ಮಾತಾಡಲು ಮನೆಯವರು ಬಯಸುತ್ತಿಲ್ಲ, ನಾವು ಅದನ್ನು ಗೌರವಿಸೋಣ’ ಎಂದರೆ ಸಾಕು.

ಎರಡನೆಯದು ಮಸೀದಿಯ ಖತೀಬರಿಗೂ ಮದ್ರಸದ ಉಸ್ತಾದರಿಗೂ ಒಂದು ಫೋನ್. ನಮ್ಮ ಮಕ್ಕಳು ಶಾಲೆಗಿಂತ ಮೊದಲು ಮದ್ರಸಕ್ಕೆ ಹೋಗುವವರು. ಮದ್ರಸದಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಕೇಳಿದರೆ ಮಗುವಿನ ಗೊಂದಲ ಇಮ್ಮಡಿಯಾಗುತ್ತದೆ.

ಮೂರನೆಯದು ಶಿಕ್ಷಕರ ಸಭೆ. ತರಗತಿ ಶುರುವಾಗುವ ಅರ್ಧ ಗಂಟೆ ಮೊದಲು ಎಲ್ಲರೂ ಸೇರಿ, ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಬರೆದುಕೊಳ್ಳಬೇಕು. ಶಿಕ್ಷಕರೂ ಮನುಷ್ಯರೇ. ಆ ಹುಡುಗನಿಗೆ ಮೊನ್ನೆಯಷ್ಟೇ ಗದರಿಸಿದ ಶಿಕ್ಷಕರು ಅಂದು ತರಗತಿಯ ಮುಂದೆ ನಿಲ್ಲಲಾರದೆ ಹೋಗಬಹುದು. ಆಗ ಅವರ ಬದಲು ಇನ್ನೊಬ್ಬರು ಹೋಗಲಿ. ಕೇಂದ್ರ ಶಿಕ್ಷಣ ಸಚಿವಾಲಯವು 2023ರಲ್ಲಿ ಹೊರತಂದ ‘ಉಮ್ಮೀದ್’ ಕರಡು ಮಾರ್ಗಸೂಚಿಯು ಪ್ರತಿ ಶಾಲೆಯಲ್ಲೂ ಮುಖ್ಯೋಪಾಧ್ಯಾಯರ ನೇತೃತ್ವದಲ್ಲಿ ಒಂದು ಕ್ಷೇಮ ತಂಡ ಇರಬೇಕೆನ್ನುತ್ತದೆ. ಅಂಥ ತಂಡ ಮೊದಲೇ ಇದ್ದರೆ ಆ ಬೆಳಗ್ಗೆ ಯಾರು ಏನು ಮಾಡಬೇಕೆಂದು ಹುಡುಕಾಡಬೇಕಾಗಿಲ್ಲ.

ತರಗತಿಯಲ್ಲಿ ಹೇಳುವ ಮಾತು

ಸುದ್ದಿಯನ್ನು ಪ್ರಾರ್ಥನಾ ಸಭೆಯಲ್ಲಿ ಮೈಕಿನ ಮೂಲಕ ಹೇಳಬಾರದು. ನೂರಾರು ಮಕ್ಕಳ ನಡುವೆ ಯಾವ ಮಗುವಿನ ಮುಖ ಬಿಳಿಚಿಕೊಂಡಿತೆಂದು ಯಾರಿಗೂ ಕಾಣುವುದಿಲ್ಲ. ಪ್ರತಿ ತರಗತಿಗೂ ಮಕ್ಕಳಿಗೆ ಪರಿಚಯವಿರುವ ಶಿಕ್ಷಕರೇ ಹೋಗಿ, ಒಂದೇ ಹೊತ್ತಿಗೆ, ಒಂದೇ ಮಾತು ಹೇಳಬೇಕು. ಮನೆಯವರು ಒಪ್ಪಿದ್ದರೆ ಹೀಗೆ ಹೇಳಬಹುದು:

‘ನಿಮ್ಮ ಗೆಳೆಯ ನಿನ್ನೆ ರಾತ್ರಿ ತೀರಿಹೋದ. ಅವನು ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಇಂಥ ಸಾವಿಗೆ ಒಂದೇ ಕಾರಣವಿರುವುದಿಲ್ಲ, ಯಾರೋ ಒಬ್ಬರ ತಪ್ಪಿನಿಂದ ಇದು ಆಗುವುದೂ ಇಲ್ಲ. ಮನಸ್ಸಿಗೆ ತಡೆಯಲಾಗದ ನೋವು ಬಂದರೆ ಅದಕ್ಕೆ ಸಹಾಯ ಸಿಗುತ್ತದೆ, ನಾವು ಅದನ್ನು ಕೊಡಿಸುತ್ತೇವೆ.’

ಹೇಗೆ ಸತ್ತ, ಎಲ್ಲಿ ಸತ್ತ, ಪತ್ರದಲ್ಲಿ ಏನು ಬರೆದಿದ್ದ ಎಂಬ ವಿವರಕ್ಕೆ ಹೋಗಬಾರದು. ಮಕ್ಕಳು ಕೇಳಿದರೆ, ‘ಅದನ್ನು ಮಾತಾಡುವುದರಿಂದ ನಮಗಾರಿಗೂ ಒಳ್ಳೆಯದಾಗದು. ನಿಮಗೆ ಹೇಗನಿಸುತ್ತಿದೆ ಹೇಳಿ’ ಎಂದು ಮಾತನ್ನು ಮಕ್ಕಳ ಕಡೆಗೇ ತಿರುಗಿಸಬೇಕು. ‘ಮಾರ್ಕು ಕಡಿಮೆಯಾಗಿದ್ದಕ್ಕೆ ಸತ್ತ’ ಎನ್ನುವುದು ಅಪಾಯಕಾರಿ, ಏಕೆಂದರೆ ಮಾರ್ಕು ಕಡಿಮೆಯಾದ ಮಕ್ಕಳು ಆ ಕೋಣೆಯಲ್ಲಿ ಇನ್ನೂ ಹತ್ತು ಮಂದಿ ಇರುತ್ತಾರೆ. ‘ಈಗ ಅವನಿಗೆ ನೆಮ್ಮದಿ’ ಎಂಬ ಮಾತು ಸಾವನ್ನು ಪರಿಹಾರವೆಂದು ತೋರಿಸುತ್ತದೆ. ‘ಹೇಡಿ’ ಎಂಬ ಮಾತು, ಅದೇ ಆಲೋಚನೆಯನ್ನು ಒಳಗೆ ಬಚ್ಚಿಟ್ಟುಕೊಂಡ ಮಗುವಿನ ಬಾಯಿ ಮುಚ್ಚಿಸುತ್ತದೆ.

ಅಂದು ಶಾಲೆಗೆ ರಜೆ ಕೊಡದಿರುವುದು ಒಳ್ಳೆಯದು. ರಜೆ ಕೊಟ್ಟರೆ, ತಂದೆ ತಾಯಿ ಕೆಲಸಕ್ಕೆ ಹೋಗಿರುವ ಮನೆಯಲ್ಲಿ ಮಗು ಫೋನಿನೊಂದಿಗೆ ಒಂಟಿಯಾಗುತ್ತದೆ. ಪಾಠ ಹಗುರವಾಗಿರಲಿ. ತರಗತಿಯಲ್ಲಿ ಕೂರಲಾಗದವರಿಗೆ ಒಂದು ಕೋಣೆ ತೆರೆದಿಟ್ಟು, ಅಲ್ಲಿ ಇಬ್ಬರು ಹಿರಿಯರು ಇರಲಿ. ಯಾವ ಮಗುವೂ ಒಂಟಿಯಾಗಿ ಗೇಟು ದಾಟಬಾರದು. ಖಾಲಿಯಾದ ಜಾಗವನ್ನು ಕೆಲವು ದಿನ ಹಾಗೇ ಬಿಟ್ಟು, ಬಳಿಕ ಮಕ್ಕಳಿಗೆ ತಿಳಿಸಿಯೇ ಆಸನ ಬದಲಿಸಬೇಕು.

ಮೂರು ವೃತ್ತಗಳ ಪಟ್ಟಿ

ಯಾವ ಮಗುವಿಗೆ ಹೆಚ್ಚಿನ ಗಮನ ಬೇಕು? ಜೋರಾಗಿ ಅಳುವ ಮಗುವಿಗೇ ಎಂದು ನಾವು ಭಾವಿಸುತ್ತೇವೆ. ಅದು ಯಾವಾಗಲೂ ಸರಿಯಲ್ಲ. ಶಿಕ್ಷಕರು ಮೊದಲ ದಿನ ಸಂಜೆಯೇ ಕುಳಿತು ಮೂರು ವೃತ್ತ ಬರೆಯಬೇಕು. ಒಂದು, ಘಟನೆಗೆ ಸಮೀಪವಿದ್ದವರು: ಕಣ್ಣಾರೆ ಕಂಡವರು, ಕೊನೆಯದಾಗಿ ಮಾತಾಡಿದವರು, ಕೊನೆಯ ಮೆಸೇಜ್ ಪಡೆದವರು. ಎರಡು, ಮನಸ್ಸಿಗೆ ಸಮೀಪವಿದ್ದವರು: ಒಡಹುಟ್ಟಿದವರು, ಆಪ್ತ ಗೆಳೆಯರು, ಅವನೊಂದಿಗೆ ಜಗಳವಾಡಿದವರು. ಮೂರು, ಮೊದಲೇ ನೋವಿನಲ್ಲಿರುವವರು: ಹಿಂದೆ ತಮಗೆ ತಾವೇ ಹಾನಿ ಮಾಡಿಕೊಂಡವರು, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು, ಹೊಡೆತ ಅಥವಾ ಕಿರುಕುಳ ಅನುಭವಿಸುತ್ತಿರುವವರು. ಇವರಿಗೆ ತೀರಿಹೋದವನ ಪರಿಚಯವೇ ಇಲ್ಲದಿರಬಹುದು. ಆದರೂ ಅಪಾಯ ಇರುತ್ತದೆ.

ಒಂದಕ್ಕಿಂತ ಹೆಚ್ಚು ವೃತ್ತದಲ್ಲಿ ಬರುವ ಹೆಸರುಗಳನ್ನು ಮೊದಲು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನಿದ್ದಾನೆ ಎನ್ನೋಣ. ಶನಿವಾರ ಅವನಿಗೆ ‘ನನಗೆ ಬದುಕೇ ಬೇಡ’ ಎಂಬ ಮೆಸೇಜ್ ಬಂದಿತ್ತು. ತಮಾಷೆ ಎಂದುಕೊಂಡು ನಗುವ ಚಿತ್ರ ಕಳಿಸಿದ್ದ. ಅವನ ತಂದೆ ಗಲ್ಫಿನಲ್ಲಿದ್ದಾರೆ, ಅವನನ್ನು ಸಾಕಿದ ಅಜ್ಜಿ ಕಳೆದ ತಿಂಗಳು ತೀರಿಕೊಂಡಿದ್ದಾರೆ. ಅವನು ಅಳುವುದಿಲ್ಲ, ಶಾಲೆಗೂ ತಪ್ಪಿಸುವುದಿಲ್ಲ. ಆದರೆ ಮೂರು ವೃತ್ತಗಳಲ್ಲೂ ಅವನ ಹೆಸರಿದೆ.

ನೇರವಾಗಿ ಕೇಳಿ

ಇಂಥ ಮಗುವನ್ನು ಅವನಿಗೆ ಇಷ್ಟವಾದ ಶಿಕ್ಷಕರು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಬೇಕು. ಮೊದಲು ಅವನ ಮಾತು ಕೇಳಬೇಕು. ‘ನಾನು ಆ ಮೆಸೇಜಿಗೆ ಸರಿಯಾಗಿ ಉತ್ತರಿಸಿದ್ದರೆ...’ ಎಂದಾಗ ‘ಹಾಗೆಲ್ಲ ಯೋಚಿಸಬೇಡ’ ಎಂದು ತಡೆಯದೆ, ‘ಅವನ ಮನಸ್ಸಿನಲ್ಲಿ ಏನಿತ್ತೆಂದು ಹದಿನಾಲ್ಕು ವರ್ಷದ ನಿನಗೆ ಗೊತ್ತಾಗುವಂತಿರಲಿಲ್ಲ’ ಎಂದು ಹೇಳಬೇಕು. ಬಳಿಕ ನೇರವಾಗಿ ಕೇಳಬೇಕು: ‘ಸಾಯಬೇಕು ಎಂಬ ಯೋಚನೆ ನಿನಗೂ ಬರುತ್ತಿದೆಯಾ?’

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಅನೇಕರಿಗಿದೆ. ಅದು ಸರಿಯಲ್ಲ. ಯಾರಾದರೂ ಕೇಳಿದರೆಂದು ಮಗುವಿನ ಎದೆ ಹಗುರಾಗುವುದೇ ಹೆಚ್ಚು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಮಾತು ಕೊಡಬಾರದು. ಜೀವ ಉಳಿಸುವ ಗುಟ್ಟನ್ನು ಹಿರಿಯರಿಗೆ ಹೇಳುವುದು ದ್ರೋಹವಲ್ಲ ಎಂಬುದನ್ನು ಸಹಪಾಠಿಗಳಿಗೂ ಸ್ಪಷ್ಟವಾಗಿ ಹೇಳಿಕೊಡಬೇಕು. ಗೆಳೆಯನಿಂದ ಇಂಥ ಮಾತು ಬಂದರೆ ಅವರು ಮಾಡಬೇಕಾದದ್ದು ಇಷ್ಟೇ: ಅವನನ್ನು ಒಂಟಿಯಾಗಿ ಬಿಡದೆ ನಂಬಿಕೆಯ ಹಿರಿಯರೊಬ್ಬರಿಗೆ ಕೂಡಲೇ ತಿಳಿಸುವುದು. ಗೆಳೆಯನನ್ನು ಉಳಿಸುವ ಹೊಣೆ ಮಗುವಿನದ್ದಲ್ಲ, ಹಿರಿಯರದ್ದು.

ಉತ್ತರ ‘ಹೌದು’ ಎಂದಾದರೆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಮನೆಯವರನ್ನು ಶಾಲೆಗೇ ಕರೆಸಿ, ಅಂದೇ ವೈದ್ಯರಿಗೆ ತೋರಿಸಬೇಕು. ದಾರಿ ತಿಳಿಯದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೆಯಲ್ಲಿ ತೋಟಕ್ಕೆ ಬಳಸುವ ಔಷಧಗಳು, ಅಜ್ಜ ಅಜ್ಜಿಯರ ಮಾತ್ರೆಗಳು ಬೀಗದೊಳಗಿರಲಿ, ಕೀಲಿಕೈ ಹಿರಿಯರ ಬಳಿಯಿರಲಿ. ಸಾಯುವ ತೀವ್ರ ಒತ್ತಡ ಬಹಳ ಸಲ ಅಲ್ಪ ಹೊತ್ತಿನದ್ದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ.

ಪೊಲೀಸ್ ಕೇಸಾದೀತೆಂದು ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯಲ್ಲ, ಆರೈಕೆ ಸಿಗಬೇಕೆನ್ನುತ್ತದೆ. ಆದ್ದರಿಂದ ಹಿಂದೆ ಅಂಥ ಯತ್ನ ನಡೆದಿದ್ದರೆ ವೈದ್ಯರಿಗೆ ಹೇಳಲು ಹೆದರಬೇಕಾಗಿಲ್ಲ.

ಮಸೀದಿ, ಮದ್ರಸ, ಸಂತಾಪ

ಆತ್ಮಹತ್ಯೆ ಇಸ್ಲಾಮಿನಲ್ಲಿ ನಿಷಿದ್ಧ. ಅದನ್ನು ಮಕ್ಕಳಿಗೆ ಕಲಿಸಲು ಬೇರೆ ದಿನಗಳಿವೆ, ಮಯ್ಯಿತ್ ಎದುರಿಗಿರುವ ದಿನವಲ್ಲ. ‘ಅವನಿಗೆ ನರಕವೇ’ ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ, ಅದು ಅಲ್ಲಾಹನಿಗೆ ಸೇರಿದ್ದು. ಶಾಫಿಈ ಮದ್‌ಹಬ್ ಸೇರಿದಂತೆ ಬಹುಪಾಲು ವಿದ್ವಾಂಸರ ಪ್ರಕಾರ ಆತ್ಮಹತ್ಯೆ ಮಾಡಿಕೊಂಡ ಮುಸ್ಲಿಮನಿಗೂ ಸ್ನಾನ, ಕಫನ್, ಮಯ್ಯಿತ್ ನಮಾಝ್, ದಫನ ಎಲ್ಲವೂ ಇವೆ. ಉಸ್ತಾದರು ಇದಿಷ್ಟನ್ನು ಹೇಳಿ ದುಆ ಮಾಡಿಸಿದರೆ, ತಮ್ಮನನ್ನು ಕಳೆದುಕೊಂಡ ಅಕ್ಕ ಮರುದಿನ ಮದ್ರಸಕ್ಕೆ ತಲೆತಗ್ಗಿಸದೆ ಬರಬಲ್ಲಳು.

ಸಹಪಾಠಿಗಳು ದಫನಕ್ಕೆ ಹೋಗುವುದಾದರೆ ತಂದೆಯೊಂದಿಗೋ ಅಣ್ಣನೊಂದಿಗೋ ಹೋಗಲಿ. ಫ್ಲೆಕ್ಸ್, ಹಾಡು ಸೇರಿಸಿದ ವಿಡಿಯೊ, ಸ್ಟೇಟಸ್‌ನಲ್ಲಿ ದಿನಗಟ್ಟಲೆ ಫೋಟೊ ಬೇಡ. ಬದುಕಿದ್ದಾಗ ಯಾರೂ ಗಮನಿಸದವನನ್ನು ಸತ್ತ ಮೇಲೆ ಊರೆಲ್ಲ ಕೊಂಡಾಡಿತು ಎಂಬ ಸಂದೇಶವನ್ನು ನೊಂದ ಇನ್ನೊಂದು ಮಗು ಅದರಿಂದ ಓದಿಕೊಳ್ಳುತ್ತದೆ. ಹಾಗೆಂದು ಅವನ ಹೆಸರೆತ್ತದೆ ಮರೆಮಾಚುವುದೂ ತಪ್ಪು. ಕಾಯಿಲೆಯಿಂದ ತೀರಿಹೋದ ವಿದ್ಯಾರ್ಥಿಗೆ ಶಾಲೆ ಏನು ಮಾಡುತ್ತದೋ ಅಷ್ಟನ್ನೇ ಇವನಿಗೂ ಮಾಡಬೇಕು. ಜಅಫರ್(ರ)ರ ಮನೆಗೆ ಅಡುಗೆ ಮಾಡಿ ಕಳಿಸುವಂತೆ ಪ್ರವಾದಿ(ಸ) ಹೇಳಿದ್ದರು. ಸಾವಿನ ಮನೆಗೆ ಊಟ ಒಯ್ಯುವ ಆ ಕ್ರಮವನ್ನು ಈ ಮನೆಗೂ ತಪ್ಪಿಸಬಾರದು. ಹೋದವರು ಕಾರಣ ಕೆದಕದೆ, ಹುಡುಗನ ಒಳ್ಳೆಯ ನೆನಪೊಂದನ್ನು ಹೇಳಿ ಬಂದರೆ ಸಾಕು.

ಎರಡು ವಾರಗಳ ನಂತರ

ಮನೆಯಲ್ಲಿ ನಿಮ್ಮ ಮಗುವಿನ ನಿದ್ದೆ, ಊಟ, ಆಟ ಗಮನಿಸಿ. ಮೊದಲ ಕೆಲವು ದಿನ ಇವು ಏರುಪೇರಾಗುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಶಾಲೆಗೆ ಹೋಗಲೊಪ್ಪದಿದ್ದರೆ ವೈದ್ಯರಿಗೆ ತೋರಿಸಿ. ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ‘ನಾನೂ ಅವನ ಬಳಿ ಹೋಗುತ್ತೇನೆ’ ಎಂದರೆ ಎರಡು ವಾರ ಕಾಯದೆ ಅಂದೇ ಕರೆದೊಯ್ಯಿರಿ.

ಶಾಲೆ ತನ್ನ ಪಟ್ಟಿಯನ್ನು ಹರಿದು ಹಾಕಬಾರದು. ಪರೀಕ್ಷೆ, ಫಲಿತಾಂಶದ ದಿನ, ತೀರಿಹೋದವನ ಹುಟ್ಟಿದ ದಿನ, ವರ್ಷ ತುಂಬುವ ದಿನ, ಇವೆಲ್ಲ ಗಾಯ ಮತ್ತೆ ತೆರೆಯುವ ದಿನಗಳು. ಅಂಥ ದಿನಕ್ಕೆ ಒಂದು ವಾರ ಮೊದಲೇ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಮಗುವನ್ನೂ ಒಬ್ಬ ಶಿಕ್ಷಕರು ಕರೆದು ಮಾತಾಡಿಸಬೇಕು.

ಟೆಲಿ-ಮಾನಸ್: 14416. ಮಕ್ಕಳ ಸಹಾಯವಾಣಿ: 1098. ಜೀವಕ್ಕೆ ಅಪಾಯವಿದ್ದರೆ ಆಂಬುಲೆನ್ಸ್: 108. ಈ ಮೂರು ಸಂಖ್ಯೆಗಳನ್ನು ಮಕ್ಕಳಿಗೆ ಕಾಣುವಂತೆ ಮನೆಯ ಗೋಡೆಯ ಮೇಲೆ ಬರೆದಿಡಿ.