ಆಷಾಢದಲ್ಲಿ ಸೇರಿದವಳು ದಸರೆಗೆ ಸಿದ್ಧ

ಗಿಜಿಗುಡುವ ಬ್ಯೂಟಿ ಪಾರ್ಲರಿನಲ್ಲಿ ಹೊಸ ಹುಡುಗಿಯರಿಗೆ ಕೆಲಸಕ್ಕೆ ಬರವಿಲ್ಲ, ಕಲಿಸಲು ಹೊತ್ತಿಗೆ ಬರ. ಮದುವೆ ಸೀಸನ್ನಿನಲ್ಲಿ ಸೇರಿದವಳು ಮೂರು ತಿಂಗಳು ಟವಲ್ ಮಡಚಿ, ಕೂದಲು ಗುಡಿಸಿ, ಆಮೇಲೆ ಒಂದು ಶನಿವಾರ ಇದ್ದಕ್ಕಿದ್ದಂತೆ ಯಾರದೋ ಹುಬ್ಬಿಗೆ ದಾರ ಹಿಡಿಯಬೇಕಾಗುತ್ತದೆ. ಹಾಗಾಗಬಾರದೆಂದರೆ ತರಬೇತಿಯನ್ನು ನಮ್ಮ ಪಂಚಾಂಗ ನೋಡಿಯೇ ಹೊಂದಿಸಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಕುರ್ಚಿಗಳು ಖಾಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಭಾದ್ರಪದದಲ್ಲಿ ಗೌರಿ ಹಬ್ಬದ ನೂಕುನುಗ್ಗಲು. ಅದು ಮುಗಿಯುತ್ತಲೇ ಪಿತೃಪಕ್ಷದ ಬಿಡುವು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೂರು ತಿಂಗಳಿಲ್ಲ.

ಮೊದಲ ತಿಂಗಳು ದಾರದ್ದು. ಕೈಯಳತೆಯ ಹತ್ತಿ ದಾರಕ್ಕೆ ನಡುವೆ ಎಂಟು–ಹತ್ತು ತಿರುವು ಹಾಕಿ, ಬೆರಳು ಅಗಲಿಸಿ ಮುಚ್ಚುತ್ತ ಆ ತಿರುವನ್ನು ಓಡಿಸುವುದೇ ಥ್ರೆಡಿಂಗ್. ಹುಡುಗಿ ಇದನ್ನು ಮೊದಲು ಕಲಿಯುವುದು ತನ್ನದೇ ಮೊಣಕಾಲಿನ ಕೆಳಗೆ. ನೋವು ಎಷ್ಟು, ಚರ್ಮ ಸಿಕ್ಕಿಕೊಂಡರೆ ಹೇಗಾಗುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ. ಹೊಸಬರಿಗೆ ಮೊದಲ ದಿನದಿಂದಲೇ ಕುತ್ತಿಗೆಗೆ ಹಾಕಿಕೊಳ್ಳುವುದನ್ನು ಕಲಿಸಬೇಕು. ಬಾಯಿಯ ಎಂಜಲು ಇನ್ನೊಬ್ಬರ ಕಣ್ಣಿನ ಹತ್ತಿರ ಹೋಗುವುದು ಬೇಡ. ಒಬ್ಬರಿಗೆ ಬಳಸಿದ ದಾರ ನೇರ ಕಸದ ಬುಟ್ಟಿಗೆ.

ಕಾಲಿನಿಂದ ಸಹೋದ್ಯೋಗಿಯ ಹುಬ್ಬಿಗೆ ಬಂದಾಗ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಎಡಹುಬ್ಬು ಸ್ವಲ್ಪ ದಪ್ಪ ಕಂಡಿತೆಂದು ಅಲ್ಲಿ ನಾಲ್ಕು ಕೂದಲು ತೆಗೆಯುತ್ತಾಳೆ. ಈಗ ಬಲಹುಬ್ಬು ದಪ್ಪ. ಅಲ್ಲಿ ನಾಲ್ಕು. ಹೀಗೆ ಸರಿಮಾಡುತ್ತ ಹೋಗಿ ಎರಡೂ ಗೆರೆಯಂತಾಗುತ್ತವೆ, ಮತ್ತೆ ತುಂಬಲು ವಾರಗಟ್ಟಲೆ ಕಾಯಬೇಕು. ಇದಕ್ಕೆ ಮದ್ದು ಪೆನ್ಸಿಲ್. ಮೂಗಿನ ಹೊಳ್ಳೆಯ ಪಕ್ಕದಿಂದ ಕಣ್ಣಿನ ಒಳಮೂಲೆಗೆ ಪೆನ್ಸಿಲ್ ನೇರ ಹಿಡಿದರೆ ಹುಬ್ಬು ಶುರುವಾಗುವ ಜಾಗ, ಹೊರಮೂಲೆಗೆ ಓರೆಯಾಗಿ ಹಿಡಿದರೆ ಮುಗಿಯುವ ಜಾಗ. ಆಕಾರ ಮೊದಲೇ ಬರೆದು, ಗೆರೆಯ ಹೊರಗಿದ್ದದ್ದನ್ನು ಮಾತ್ರ ತೆಗೆಯಬೇಕು. ನಡುನಡುವೆ ಎದುರಿಗಿರುವವರನ್ನು ನೇರ ಕೂರಿಸಿ ನೋಡಬೇಕು. ಒರಗಿದ ಮುಖದಲ್ಲಿ ಹುಬ್ಬು ಬೇರೆಯೇ ಕಾಣುತ್ತದೆ. ರೆಪ್ಪೆಯ ಮೇಲೆ ಕೆಂಪು ಚುಕ್ಕೆಗಳಿದ್ದರೆ ಪರವಾಗಿಲ್ಲ. ಕೆಂಪು ಗೆರೆ ಮೂಡಿದರೆ ಚರ್ಮ ಕುಯ್ದಿದೆ ಎಂದರ್ಥ. ಚರ್ಮವನ್ನು ಬಿಗಿಯಾಗಿ ಹಿಡಿಸಿಕೊಳ್ಳದಿದ್ದುದೇ ಹೆಚ್ಚಾಗಿ ಕಾರಣ.

ಎರಡನೇ ತಿಂಗಳು ವ್ಯಾಕ್ಸಿಂಗ್, ಮೊದಲು ಕೈಗಳಿಗೆ ಮಾತ್ರ. ವ್ಯಾಕ್ಸ್ ಜೇನಿನ ಹದಕ್ಕೆ ಬಂದ ಮೇಲೆ ಕಲಿಯುವವಳು ತನ್ನ ಮಣಿಕಟ್ಟಿನ ಒಳಭಾಗದಲ್ಲಿ ಬಿಸಿ ನೋಡಿಕೊಳ್ಳಬೇಕು. ಕೂದಲು ಬೆಳೆದ ದಿಕ್ಕಿಗೆ ತೆಳುವಾಗಿ ಹಚ್ಚಿ, ಎದುರು ದಿಕ್ಕಿಗೆ, ಚರ್ಮಕ್ಕೆ ಒತ್ತಿಕೊಂಡಂತೆ ಎಳೆಯಬೇಕು. ಹೊಸಬರು ಸ್ಟ್ರಿಪ್ಪನ್ನು ಮೇಲಕ್ಕೆ ಕೀಳುತ್ತಾರೆ. ಆಗ ಕೂದಲು ಬುಡಸಮೇತ ಬರದೆ ತುಂಡಾಗುತ್ತದೆ, ನಾಲ್ಕೇ ದಿನಕ್ಕೆ ಮತ್ತೆ ಚುಚ್ಚುತ್ತದೆ. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು: ಬುಡದ ಸಣ್ಣ ಬಿಳಿ ಗಂಟು ಕಾಣಬೇಕು.

ಈ ತಿಂಗಳಲ್ಲಿ ಕೈಯಷ್ಟೇ ಬಾಯಿಯೂ ಪಳಗಬೇಕು. ಮೇಲ್ದುಟಿಯ ವ್ಯಾಕ್ಸಿಗೆ ಬಂದ ಒಬ್ಬರು ಮೊಡವೆಗೋ ಬಂಗಿಗೋ ಟ್ರೆಟಿನಾಯಿನ್ ಇರುವ ಕ್ರೀಮ್ ಹಚ್ಚುತ್ತಿದ್ದಾರೆ ಎಂದುಕೊಳ್ಳಿ. ಆ ಔಷಧಿ ಚರ್ಮದ ಮೇಲ್ಪದರವನ್ನು ಸೂಕ್ಷ್ಮ ಮಾಡಿರುತ್ತದೆ. ಸ್ಟ್ರಿಪ್ ಎಳೆದರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ, ಕೆಂಪಗೆ ಒದ್ದೆಯಾಗಿ ಹೊಳೆಯುವ ಗಾಯವಾಗಿ, ಆಮೇಲೆ ಕಪ್ಪು ಕಲೆ ಉಳಿಯಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವವರೆಗೆ ವ್ಯಾಕ್ಸ್ ಮಾಡಬಾರದು. ಆದ್ದರಿಂದ ಹೀಟರ್ ಮುಟ್ಟುವ ಮೊದಲೇ, “ಅಕ್ಕಾ, ಮುಖಕ್ಕೆ ಏನು ಕ್ರೀಮ್ ಹಚ್ತೀರಾ? ಮೊಡವೆಗೆ ಮಾತ್ರೆ ತಗೋತಿದ್ದೀರಾ?” ಎಂದು ಕೇಳುವುದು ಅವಳಿಗೆ ಬಾಯಿಪಾಠವಾಗಬೇಕು. ಹೌದೆಂದರೆ “ಇವತ್ತು ಬೇಡ” ಎನ್ನುವ ಧೈರ್ಯವನ್ನು ಮಾಲೀಕರೇ ಕೊಡಬೇಕು, ಆ ದಿನದ ಗಲ್ಲಾ ಕಡಿಮೆಯಾದರೂ ಸರಿ.

ವರಮಹಾಲಕ್ಷ್ಮಿಯ ಹಿಂದಿನ ದಿನ ಕಲಿಯುವವಳು ಯಾರ ಚರ್ಮವನ್ನೂ ಮುಟ್ಟಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಅಂದು ಅವಳು ಸೀನಿಯರ್ ಪಕ್ಕದಲ್ಲಿ ನಿಂತು ಸ್ಟ್ರಿಪ್ ಕೊಡಲಿ, ಕತ್ತರಿ ಚಿಮಟಗಳನ್ನು ಸೋಪು ನೀರಿನಲ್ಲಿ ತೊಳೆದ ಮೇಲೆ ಸೋಂಕುನಾಶಕದಲ್ಲಿ ನೆನೆಸಲಿ. ತೊಳೆಯದೆ ನೆನೆಸಿದರೆ ಅಂಟಿದ ಜಿಡ್ಡಿನಡಿ ಸೋಂಕು ಹಾಗೆಯೇ ಉಳಿಯುತ್ತದೆ. ನೂಕುನುಗ್ಗಲಿನಲ್ಲಿ ಎಲ್ಲರೂ ಮೊದಲು ಕೈಬಿಡುವುದು ಈ ಕೆಲಸವನ್ನೇ.

ಮೂರನೇ ತಿಂಗಳಲ್ಲಿ ಸರಳ ಕ್ಲೀನಪ್ ಮತ್ತು ಫೇಶಿಯಲ್ ಸೇರಿಕೊಳ್ಳುತ್ತವೆ. ನಿಜವಾದ ಗಿರಾಕಿಗಳು ಸಿಗುವುದು ಪಿತೃಪಕ್ಷದಲ್ಲಿ, ವಾರದ ನಡುವಿನ ಬೆಳಗ್ಗೆ, ಕಲಿಯುವವಳೆಂದು ಮೊದಲೇ ಹೇಳಿ, ಸೀನಿಯರ್ ಪಕ್ಕದಲ್ಲಿದ್ದಾಗ. ಹುಬ್ಬು ಇನ್ನೂ ಸಮ ಬರದಿದ್ದರೆ ತಿಂಗಳು ಮೂರಾಯಿತೆಂದು ಮುಂದಕ್ಕೆ ತಳ್ಳಬಾರದು, ಅವಳು ಮತ್ತೆ ಸಹೋದ್ಯೋಗಿಯ ಹುಬ್ಬಿಗೇ ಹೋಗಬೇಕು.

ಮುಂದಿನ ಸಲ ಪಾರ್ಲರಿನಲ್ಲಿ ಹೊಸ ಹುಡುಗಿಯೊಬ್ಬಳು ಕ್ರೀಮಿನ ಬಗ್ಗೆ ಕೇಳಿದರೆ ಬೇಸರಿಸಬೇಡಿ. ಟ್ಯೂಬಿನ ಹೆಸರು ನೆನಪಿಲ್ಲದಿದ್ದರೆ ಮನೆಗೆ ಫೋನ್ ಮಾಡಿ ಕೇಳಿಯಾದರೂ ಹೇಳಿ.